ಮರದಡಿ ಸಿಕ್ಕಿದ ಕಾಲು, ಡಿಕಾಕ್ಷನ್ ಬಣ್ಣದ ಮೂತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಫಿಜಿಷಿಯನ್. ಸಕಲೇಶಪುರ, ಮೂಡಿಗೆರೆ, ಆಲೂರು ಕಡೆಯಿಂದ ಮಳೆಗಾಲದಲ್ಲಿ ಒಂದು ಬಗೆಯ ಗಾಯಾಳುಗಳು ಬರುತ್ತಾರೆ. ಸಿಲ್ವರ್ ಮರ ಕಡಿಯುವಾಗ ದಿಮ್ಮಿ ಉರುಳಿ ಕಾಲಿನ ಮೇಲೆ ಬಿದ್ದವರು, ಧರೆ ಕುಸಿದು ಮಣ್ಣಿನಡಿ ಸಿಕ್ಕವರು, ಗದ್ದೆಯಲ್ಲಿ ಟ್ರ್ಯಾಕ್ಟರ್ ಮಗುಚಿ ಅದರಡಿ ಉಳಿದವರು. ಅವರ ಜೊತೆ ಬರುವ ತೋಟದ ರೈಟ್ರು, ಮನೆಯವರು, ಕೆಲವೊಮ್ಮೆ ಚಿಕ್ಕ ಆಸ್ಪತ್ರೆಯ ನರ್ಸ್‌ಗಳು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಮೂಳೆ ಮುರಿದಿಲ್ಲ, ರಕ್ತ ಹೋಗಿಲ್ಲ. ಆದರೂ ಕಿಡ್ನಿಗೆ ಅಪಾಯ ಅಂತೀರಲ್ಲ, ಹೇಗೆ?

ತೊಡೆ, ಸೊಂಟ, ಮೀನಖಂಡ ಇವೆಲ್ಲ ದೊಡ್ಡ ಸ್ನಾಯುಗಳು. ಭಾರ ಬಿದ್ದು ಗಂಟೆಗಟ್ಟಲೆ ಒತ್ತಿದರೆ ಒಳಗಿನ ಸ್ನಾಯುವಿನ ಕೋಶಗಳು ಒಡೆಯುತ್ತವೆ. ಚರ್ಮ ಸರಿಯಾಗೇ ಕಾಣಬಹುದು. ಒಡೆದ ಕೋಶದೊಳಗಿನ ಸರಕೆಲ್ಲ ರಕ್ತಕ್ಕೆ ಸೇರುತ್ತದೆ. ಇದಕ್ಕೆ ರ್ಯಾಬ್ಡೋಮಯೋಲಿಸಿಸ್ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ನಾವು ಸುಮ್ನೆ 'ರ್ಯಾಬ್ಡೋ' ಅಂತೀವಿ.

ಹಾಗೆ ಸೇರುವ ಸರಕಿನಲ್ಲಿ ಎರಡು ಮುಖ್ಯ. ಒಂದು ಪೊಟ್ಯಾಸಿಯಂ. ಇದು ಹೃದಯ ನಿಲ್ಲಿಸಬಲ್ಲದು, ಅದೂ ನಿಮಿಷಗಳಲ್ಲಿ. ಇನ್ನೊಂದು ಮಯೋಗ್ಲೋಬಿನ್, ಸ್ನಾಯುವಿಗೆ ಕೆಂಪು ಬಣ್ಣ ಕೊಡುವ ವಸ್ತು. ಇದು ಕಿಡ್ನಿಯ ಸಣ್ಣ ಕೊಳವೆಗಳಿಗೆ ಹೋಗಿ, ಅಲ್ಲಿರುವ ಇನ್ನೊಂದು ಪ್ರೋಟೀನ್ ಜೊತೆ ಗಟ್ಟಿಯಾಗಿ, ಬಿರಡೆ ಹಾಕಿದ ಹಾಗೆ ಕೂರುತ್ತದೆ. ಮೂತ್ರ ಕಡಿಮೆ ಇದ್ದಷ್ಟೂ, ಹುಳಿ ಗುಣ ಜಾಸ್ತಿ ಇದ್ದಷ್ಟೂ ಬೇಗ ಕಟ್ಟುತ್ತದೆ.

ಜೊತೆಗೆ ಇನ್ನೊಂದು ನಡೆಯುತ್ತದೆ. ಜಜ್ಜಿದ ಸ್ನಾಯು ಭಾರ ತೆಗೆದ ಕೂಡಲೇ ಸ್ಪಂಜಿನಂತೆ ಮೈಯ ನೀರನ್ನೆಲ್ಲ ಎಳೆದುಕೊಂಡು ಊದುತ್ತದೆ. ಒಂದು ತೊಡೆಯೊಳಗೆ ಲೀಟರುಗಟ್ಟಲೆ ನೀರು ಹೋಗಿ ಕೂತಿರಬಹುದು. ಆಗ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ತೊಳೆದು ಹಾಕಲು ನೀರಿಲ್ಲ, ತೊಳೆಯಬೇಕಾದ ಕೊಳೆ ಮಾತ್ರ ಬೆಟ್ಟದಷ್ಟು. ಕಿಡ್ನಿ ಕೆಡುವುದು ಹೀಗೆ.

1941ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದ ದಿನಗಳಲ್ಲಿ ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ಇದನ್ನು ವಿವರವಾಗಿ ಬರೆದರು. ಕಟ್ಟಡದ ಅವಶೇಷದಡಿಯಿಂದ ಜೀವಂತ ತೆಗೆದವರು ಕೆಲವು ದಿನಗಳಲ್ಲಿ ಕಿಡ್ನಿ ನಿಂತು ಸಾಯುತ್ತಿದ್ದರು. ನಮ್ಮ ತೋಟಗಳಲ್ಲಿ ದಿಮ್ಮಿಯಡಿ ನಡೆಯುವುದೂ ಅದೇ.

ಕಾಲು ಮರದಡಿ ಸಿಕ್ಕಿದೆ. ಮೊದಲು ಮರ ಎತ್ತಬೇಕಾ, ಡ್ರಿಪ್ ಹಾಕಬೇಕಾ?

ನಿಮಿಷಗಳೊಳಗೆ ಎತ್ತಲು ಆಗುತ್ತದೆ ಅಂದರೆ ಎತ್ತಿಬಿಡಿ. ಉಸಿರಾಟಕ್ಕೆ ತೊಂದರೆ ಇದ್ದರೆ, ಧರೆ ಮತ್ತೆ ಕುಸಿಯುವ ಹಾಗಿದ್ದರೆ, ರಕ್ತ ಸುರಿಯುತ್ತಿದ್ದರೆ ಕೂಡ ಯಾವುದಕ್ಕೂ ಕಾಯಬೇಡಿ. ಡ್ರಿಪ್ ಬರಲಿ ಅಂತ ಮನುಷ್ಯನನ್ನು ಅಡಿಯಲ್ಲೇ ಬಿಡುವುದು ತಪ್ಪು.

ಆದರೆ ನಮ್ಮ ಕಡೆ ಆಗುವುದು ಬೇರೆ. ಜೆಸಿಬಿ ಬರಬೇಕು, ದಾರಿ ಕೆಸರು, ಒಂದೆರಡು ಗಂಟೆ ಹೇಗೂ ಹೋಗುತ್ತದೆ. ಆ ಹೊತ್ತು ಖಾಲಿ ಬಿಡಬಾರದು ಅನ್ನುವುದೇ ನನ್ನ ಮಾತು. 108ಕ್ಕೆ ಫೋನ್ ಮಾಡುವಾಗ "ಕಾಲು ಸಿಕ್ಕಿ ಇಷ್ಟು ಹೊತ್ತಾಯಿತು, ಸಲೈನ್ ಬಾಟಲಿ ಜಾಸ್ತಿ ತನ್ನಿ" ಅಂತ ಹೇಳಿ. ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಬಂದರೆ ಮರ ಎತ್ತುವ ಮೊದಲೇ ಕೈಗೆ ಸೂಜಿ ಹಾಕಿ ನಾರ್ಮಲ್ ಸಲೈನ್ ಶುರು ಮಾಡಬಹುದು. 1982ರಲ್ಲಿ ಲೆಬನಾನಿನ ಟೈರ್ ಊರಲ್ಲಿ ಕಟ್ಟಡ ಕುಸಿದಾಗ 7 ಜನಕ್ಕೆ ಹೊರತೆಗೆಯುತ್ತಿದ್ದ ಜಾಗದಲ್ಲೇ ಹೀಗೆ ದ್ರವ ಕೊಡಲು ಶುರು ಮಾಡಿದರು. ಅವರಲ್ಲಿ ಒಬ್ಬರಿಗೂ ಕಿಡ್ನಿ ನಿಲ್ಲಲಿಲ್ಲ.

ಮರದಡಿ ಇರುವಾಗ ಮಾತಾಡಿಕೊಂಡು, ನೀರು ಕೇಳಿಕೊಂಡು ಇದ್ದವರು ಎತ್ತಿದ ಐದು ಹತ್ತು ನಿಮಿಷದಲ್ಲಿ ಕುಸಿದು ಹೋಗುವುದು ಉಂಟು. ಅಷ್ಟು ಹೊತ್ತು ಕಟ್ಟಿ ನಿಂತಿದ್ದ ಪೊಟ್ಯಾಸಿಯಂ ಒಮ್ಮೆಲೇ ಹೃದಯಕ್ಕೆ ನುಗ್ಗುವುದರಿಂದ ಹೀಗಾಗುತ್ತದೆ. "ಚೆನ್ನಾಗೇ ಇದ್ದ, ನೋಡನೋಡುತ್ತಾ ಹೋದ" ಅಂತ ಜನ ಹೇಳುವುದು ಇದನ್ನೇ.

ತೊಡೆಗೆ ಹಗ್ಗ ಬಿಗಿದು ಕಟ್ಟಿ ವಿಷ ತಡೆಯುತ್ತೇವೆ ಅಂತ ಕೆಲವರು ಹೊರಡುತ್ತಾರೆ. ಬೇಡ. ಬಿಗಿ ಕಟ್ಟು ಜೀವ ತೆಗೆಯುವಂಥ ರಕ್ತಸ್ರಾವಕ್ಕೆ ಮಾತ್ರ. ಸುಮ್ನೆ ಕಟ್ಟಿದರೆ ಉಳಿದ ಸ್ನಾಯುವೂ ಸಾಯುತ್ತದೆ.

ಯಾವ ಬಾಟಲಿ? ಎಷ್ಟು? ಒಂದು ನಿಜವಾದ ಕೇಸಿನ ಲೆಕ್ಕ ಹೇಳ್ತೀರಾ?

ಹೇಳುತ್ತೇನೆ. ಊರು, ಹೆಸರು ಬೇಡ. ಸಕಲೇಶಪುರ ಕಡೆಯ ಒಂದು ತೋಟ, ಜುಲೈ ತಿಂಗಳ ಒಂದು ಸೋಮವಾರ. 38 ವರ್ಷದವರು, ತೂಕ 60 ಕೆಜಿ. ಲೋಡ್ ಮಾಡುವಾಗ ಸಿಲ್ವರ್ ದಿಮ್ಮಿ ಉರುಳಿ ಎರಡೂ ತೊಡೆಯ ಮೇಲೆ ನಿಂತಿತು. ಆಗ ಬೆಳಿಗ್ಗೆ 9:40. ದಿಮ್ಮಿ ಎತ್ತಿದ್ದು ಮಧ್ಯಾಹ್ನ 12:10ಕ್ಕೆ.

11 ಗಂಟೆಗೆ ಆರೋಗ್ಯ ಕೇಂದ್ರದ ಸಿಸ್ಟರ್ ಒಬ್ಬರು ಜೀಪಿನಲ್ಲಿ ಬಂದರು. ಜೋರು ಮಳೆ. ಟಾರ್ಪಾಲ್ ಹಿಡಿಸಿಕೊಂಡು, ಕೆಸರಲ್ಲಿ ಮಂಡಿಯೂರಿ, ಎಡಗೈಗೆ ಹಸಿರು ಬಣ್ಣದ ದಪ್ಪ ಕ್ಯಾನ್ಯುಲಾ ಹಾಕಿದರು. ಗುಲಾಬಿ ಬಣ್ಣದ ಸಣ್ಣದು ಹಾಕಿದ್ದರೆ ಬಾಟಲಿ ಅಷ್ಟು ಬೇಗ ಹೋಗುತ್ತಿರಲಿಲ್ಲ. ಕಾಫಿ ಗಿಡದ ಕೊಂಬೆಗೆ ಬಾಟಲಿ ನೇತು ಹಾಕಿದರು. ದಿಮ್ಮಿ ಏಳುವಷ್ಟರಲ್ಲಿ ಅರ್ಧ ಲೀಟರಿನ ಎರಡು ಬಾಟಲಿ ಒಳಗೆ ಹೋಗಿತ್ತು. ಅಂದರೆ ಗಂಟೆಗೆ ಸುಮಾರು 1 ಲೀಟರ್. ದೊಡ್ಡವರಿಗೆ ಶುರುವಿನಲ್ಲಿ ಬೇಕಾದ ಅಳತೆ ಇದೇ. ಮಕ್ಕಳಿಗಾದರೆ ಕೆಜಿಗೆ ಗಂಟೆಗೆ 15ರಿಂದ 20 ಮಿಲಿ. ಇನ್ನೆರಡು ಬಾಟಲಿ 108ರಲ್ಲಿ ಹೋಯಿತು.

1:45ಕ್ಕೆ ನಮ್ಮಲ್ಲಿಗೆ ಬಂದರು. ಕ್ಯಾತಿಟರ್ ಹಾಕಿದಾಗ ಬಂದದ್ದು 60 ಮಿಲಿ ಮೂತ್ರ, ಹಾಲು ಹಾಕದ ಡಿಕಾಕ್ಷನ್ ಬಣ್ಣ. ಇಸಿಜಿಯಲ್ಲಿ ಟಿ ಅಲೆ ಗುಡಾರದಂತೆ ಚೂಪಾಗಿ ಎದ್ದಿತ್ತು, ಪೊಟ್ಯಾಸಿಯಂ ಏರಿದ ಗುರುತು ಅದು. ಪೊಟ್ಯಾಸಿಯಂ 6.2. ಲ್ಯಾಬಿನ ರಿಪೋರ್ಟಿಗೆ ಕಾಯದೆ, ಇಸಿಜಿ ನೋಡಿದ ಕೂಡಲೇ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿಲಿ ನಿಧಾನವಾಗಿ ಕೊಟ್ಟೆವು. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಹೃದಯಕ್ಕೆ ಸ್ವಲ್ಪ ಹೊತ್ತು ಕಾವಲು ಕೊಡುತ್ತದೆ ಅಷ್ಟೇ. ಆಮೇಲೆ ಗ್ಲೂಕೋಸ್ ಜೊತೆ 10 ಯೂನಿಟ್ ಇನ್ಸುಲಿನ್, ಸಾಲ್ಬುಟಮಾಲ್ ನೆಬುಲೈಸೇಶನ್. ಎರಡು ಗಂಟೆ ಬಿಟ್ಟು ನೋಡಿದಾಗ 5.3. ಇವೆರಡು ಪೊಟ್ಯಾಸಿಯಂ ಅನ್ನು ಕೋಶದೊಳಗೆ ತಳ್ಳುತ್ತವೆ, ಮೈಯಿಂದ ಹೊರಗೆ ಹಾಕುವುದಿಲ್ಲ. ಹಾಗಾಗಿ ರಾತ್ರಿಯಿಡೀ ಮತ್ತೆ ಮತ್ತೆ ನೋಡುತ್ತಲೇ ಇದ್ದೆವು.

ಸಲೈನ್ ಗಂಟೆಗೆ 500 ಮಿಲಿಗೆ ಇಳಿಸಿದೆವು. ಗುರಿ ಬಾಟಲಿಯ ಲೆಕ್ಕ ಅಲ್ಲ, ಮೂತ್ರದ ಲೆಕ್ಕ. ಗಂಟೆಗೆ 200ರಿಂದ 300 ಮಿಲಿ ಬರಬೇಕು. ಮೊದಲ ಗಂಟೆ ಬಂದದ್ದು 40. ಆಮೇಲೆ 90, 180. ಸಂಜೆ 7ರ ಹೊತ್ತಿಗೆ 240. ಬಣ್ಣ ಡಿಕಾಕ್ಷನ್‌ನಿಂದ ಕಡಕ್ ಚಹಾ, ಅಲ್ಲಿಂದ ತೆಳು ಚಹಾ ಆಗುತ್ತಾ ಬಂತು. ಮೊದಲ 24 ಗಂಟೆಯಲ್ಲಿ ಒಳಗೆ ಹೋದದ್ದು ಸುಮಾರು 10 ಲೀಟರ್, ಹೊರಗೆ ಬಂದದ್ದು ಐದೂವರೆ. ಉಳಿದ ನೀರಿನ ಬಹುಪಾಲು ಆ ಎರಡು ತೊಡೆಯಲ್ಲಿತ್ತು.

ಅಷ್ಟೊಂದು ನೀರು ಕೊಟ್ಟರೆ ಶ್ವಾಸಕೋಶಕ್ಕೆ ಹೋಗುವುದಿಲ್ವಾ?

ಹೋಗಬಹುದು. ಇದೇ ಈ ಚಿಕಿತ್ಸೆಯ ದೊಡ್ಡ ಅಪಾಯ. ವಯಸ್ಸಾದವರು, ಹೃದಯದ ಕಾಯಿಲೆ ಇದ್ದವರಲ್ಲಿ ಇನ್ನೂ ಜಾಸ್ತಿ. ಮೇಲೆ ಹೇಳಿದವರಿಗೇ ಮಂಗಳವಾರ ರಾತ್ರಿ ಉಸಿರಾಟ ನಿಮಿಷಕ್ಕೆ 28 ಆಯಿತು. ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟರೆ ಚರಚರ ಸದ್ದು. ಕೂಡಲೇ ಡ್ರಿಪ್ ಅರ್ಧಕ್ಕೆ ಇಳಿಸಿದೆವು. ಬೆಳಗಾಗುವುದರೊಳಗೆ ಸರಿಹೋಯಿತು.

ಹಾಗಾಗಿ ಗಂಟೆಗೊಮ್ಮೆ ಮೂತ್ರ ಅಳೆಯಬೇಕು, ಉಸಿರು ಎಣಿಸಬೇಕು. ಪೂರ್ತಿ ದ್ರವ ಕೊಟ್ಟ ಮೇಲೂ ಮೂತ್ರ ಬರಲೇ ಇಲ್ಲ ಅಂದರೆ ಕಿಡ್ನಿ ಆಗಲೇ ನಿಂತಿದೆ ಅಂತ ಅರ್ಥ. ಆಗ ಇನ್ನಷ್ಟು ಸುರಿಯಬಾರದು. ದ್ರವ ನಿಲ್ಲಿಸಿ ಡಯಾಲಿಸಿಸ್ ಇರುವ ಕಡೆ ಕಳಿಸಬೇಕು. ಇಲ್ಲಿ ತಡ ಮಾಡಿದ ಕೇಸುಗಳನ್ನು ನೋಡಿ ನನಗೆ ಬಹಳ ಬೇಜಾರಾಗಿದೆ. ಒಂದು ಚಿಕ್ಕ ಆಸ್ಪತ್ರೆಯಲ್ಲಿ ಮೂತ್ರ ಅಳೆಯದೆ ಎರಡು ದಿನ ಡ್ರಿಪ್ ಹಾಕಿ, ಮುಖವೆಲ್ಲ ಊದಿ, ಉಸಿರು ಕಟ್ಟಿದ ಮೇಲೆ ಕಳಿಸಿದ್ದರು. ಅಲ್ಲಿ ಯೂರಿನ್ ಬ್ಯಾಗ್ ಒಂದನ್ನು ಹಾಕಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಆರ್‌ಎಲ್ ಬಾಟಲಿ ಮಾತ್ರ ಇದೆ. ಹಾಕಬಹುದಾ?

ಆರ್‌ಎಲ್ ಅಂದರೆ ರಿಂಗರ್ ಲ್ಯಾಕ್ಟೇಟ್, ಅದೂ ಡ್ರಿಪ್ ದ್ರವವೇ. ಆದರೆ ಜಜ್ಜಿದ ಗಾಯಕ್ಕೆ ಮೊದಲ ಆಯ್ಕೆ ನಾರ್ಮಲ್ ಸಲೈನ್. ಆರ್‌ಎಲ್‌ನಲ್ಲಿ ಲೀಟರಿಗೆ 4 ಮಿಲಿಮೋಲ್ ಪೊಟ್ಯಾಸಿಯಂ ಇದೆ. ಅದು ದೊಡ್ಡ ಪ್ರಮಾಣ ಅಲ್ಲ. ಆದರೆ ಪೊಟ್ಯಾಸಿಯಂ ಏರುತ್ತಿರುವವನಿಗೆ, ಅದನ್ನು ನೋಡಲು ಲ್ಯಾಬ್ ಇಲ್ಲದ ಜಾಗದಲ್ಲಿ, ಬೇಕಂತಲೇ ಯಾಕೆ ಸೇರಿಸಬೇಕು ಅಲ್ವಾ? ಬರೀ ಗ್ಲೂಕೋಸ್ ಬಾಟಲಿಯೂ ಉಪಯೋಗಕ್ಕಿಲ್ಲ. ಅದು ರಕ್ತನಾಳದಲ್ಲಿ ನಿಲ್ಲುವುದಿಲ್ಲ.

ಸೋಡಾ ಬೈಕಾರ್ಬ್ ಬಗ್ಗೆಯೂ ಕೇಳುತ್ತಾರೆ. ಮೂತ್ರದ ಹುಳಿ ಕಡಿಮೆ ಮಾಡಿದರೆ ಕೊಳವೆ ಕಟ್ಟುವುದು ತಪ್ಪುತ್ತದೆ ಅನ್ನುವ ಲೆಕ್ಕ ಅದು. ಬರೀ ಸಲೈನಿಗಿಂತ ಅದರಿಂದ ಹೆಚ್ಚು ಲಾಭ ಅಂತ ಸಾಬೀತಾಗಿಲ್ಲ. ರಕ್ತದಲ್ಲೇ ಆಮ್ಲ ಜಾಸ್ತಿ ಇದ್ದರೆ ಕೊಡುತ್ತೇವೆ.

ಸಿಪಿಕೆ ರಿಪೋರ್ಟ್ 7,000 ಅಂತ ಬಂದಿದೆ. ಮಾರನೇ ದಿನ 38,000 ಆಯಿತು. ಕೈ ಮೀರಿತಾ?

ಸಿಪಿಕೆ, ಅಂದರೆ ಕ್ರಿಯಾಟಿನ್ ಕೈನೇಸ್, ಸ್ನಾಯುವಿನೊಳಗಿನ ಒಂದು ಎಂಜೈಮ್. ಅದು ಕಿಡ್ನಿಗೆ ಏನೂ ಮಾಡುವುದಿಲ್ಲ. ಎಷ್ಟು ಸ್ನಾಯು ಒಡೆದಿದೆ ಅಂತ ತೋರಿಸುವ ಅಳತೆಗೋಲು ಅಷ್ಟೇ. ಸಾಮಾನ್ಯವಾಗಿ 200ರ ಒಳಗೆ ಇರುತ್ತದೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಡಿಮೆ. 1,000 ದಾಟಿದರೆ ರ್ಯಾಬ್ಡೋ ಅನ್ನುತ್ತೇವೆ. 5,000 ದಾಟಿದರೆ ಕಿಡ್ನಿಯ ಚಿಂತೆ ಶುರು.

ಇದು ತಡವಾಗಿ ಏರುವ ಅಂಕಿ. ಗಾಯವಾದ ಕೆಲವು ಗಂಟೆಗಳ ಮೇಲೆ ಏರಲು ಶುರುವಾಗಿ, ಒಂದರಿಂದ ಮೂರು ದಿನದೊಳಗೆ ತುದಿ ಮುಟ್ಟುತ್ತದೆ. ಹಾಗಾಗಿ ಬಂದ ಕೂಡಲೇ ಮಾಡಿದ ಟೆಸ್ಟಿನಲ್ಲಿ ಕಡಿಮೆ ಇದೆ ಅಂತ ಮನೆಗೆ ಕಳಿಸಿದರೆ ಮೋಸ ಹೋಗುತ್ತೇವೆ. ನಮ್ಮ ಕೇಸಿನಲ್ಲಿ ಸೋಮವಾರ ಮಧ್ಯಾಹ್ನ 7,400 ಇತ್ತು. ಮಂಗಳವಾರ ಬೆಳಿಗ್ಗೆ 38,000, ಸಂಜೆ 52,000. ಅವರ ಹೆಂಡತಿ ರಿಪೋರ್ಟ್ ಹಿಡಿದುಕೊಂಡು ಅಳುತ್ತಾ ಬಂದರು. "ಅಮ್ಮಾ, ಆ ಅಂಕಿ ಸೋಮವಾರದ ಗಾಯದ ಸುದ್ದಿ ಹೇಳ್ತಿದೆ. ಇವತ್ತಿನ ಸುದ್ದಿ ಈ ಚೀಲದಲ್ಲಿದೆ ನೋಡಿ" ಅಂತ ಯೂರಿನ್ ಬ್ಯಾಗ್ ತೋರಿಸಿದೆ. ಗಂಟೆಗೆ 260 ಮಿಲಿ, ಹುಲ್ಲಿನ ಬಣ್ಣ.

ತುದಿ ಮುಟ್ಟಿದ ಮೇಲೆ ದಿನಕ್ಕೆ ಸುಮಾರು ನೂರಕ್ಕೆ 40ರಷ್ಟು ಇಳಿಯಬೇಕು. ಬುಧವಾರ 31,000, ಗುರುವಾರ 19,000, ಶುಕ್ರವಾರ 11,000, ಶನಿವಾರ 6,500, ಭಾನುವಾರ 4,000. 5,000ದ ಕೆಳಗೆ ಬಂದ ಮೇಲೆ ಡ್ರಿಪ್ ನಿಲ್ಲಿಸಿದೆವು. ಹೀಗೆ ಇಳಿಯದೆ ನಿಂತರೆ, ಇಲ್ಲವೇ ಮತ್ತೆ ಏರಿದರೆ, ಎಲ್ಲೋ ಸ್ನಾಯು ಇನ್ನೂ ಸಾಯುತ್ತಿದೆ ಅಂತ ಹುಡುಕಬೇಕು. ಕ್ರಿಯಾಟಿನಿನ್ ಬೇರೆ, ಅದು ಕಿಡ್ನಿಯ ಅಳತೆ. ಹೆಸರು ಹತ್ತಿರ ಇರುವುದರಿಂದ ಜನ ಎರಡನ್ನೂ ಬೆರೆಸುತ್ತಾರೆ. ಅವರ ಕ್ರಿಯಾಟಿನಿನ್ 1.4ರಿಂದ ಬುಧವಾರ 2.1ರ ತನಕ ಏರಿ, ಭಾನುವಾರ 1.2ಕ್ಕೆ ಇಳಿಯಿತು. ಡಯಾಲಿಸಿಸ್ ಬೇಕಾಗಲಿಲ್ಲ.

ಮೂತ್ರದಲ್ಲಿ ರಕ್ತ ಇದೆ ಅಂತ ಬರೆದಿದ್ದಾರೆ. ಕಿಡ್ನಿಗೆ ಪೆಟ್ಟಾಗಿದೆಯಾ?

ಮೂತ್ರದಲ್ಲಿ ಅದ್ದುವ ಪಟ್ಟಿಗೆ ರಕ್ತವೂ ಮಯೋಗ್ಲೋಬಿನ್ನೂ ಒಂದೇ ಥರ ಕಾಣುತ್ತದೆ. ಪಟ್ಟಿಯಲ್ಲಿ 'ರಕ್ತ ಮೂರು ಪ್ಲಸ್', ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣ ಒಂದೋ ಎರಡೋ ಅಂದರೆ ರ್ಯಾಬ್ಡೋ ಅಂತ ಅನುಮಾನ ಪಡಬೇಕು. ಮಯೋಗ್ಲೋಬಿನ್ ರಕ್ತದಿಂದ ಬೇಗ ಹೋಗಿಬಿಡುತ್ತದೆ. ಹಾಗಾಗಿ ಬಣ್ಣ ತಿಳಿಯಾಗಿದೆ ಅಂದ ಮಾತ್ರಕ್ಕೆ ರ್ಯಾಬ್ಡೋ ಇಲ್ಲ ಅನ್ನಲಾಗದು.

ಕಾಲು ಕಲ್ಲಿನಂತೆ ಗಟ್ಟಿಯಾಗುತ್ತಿದೆ. ನೋವಿಗೆ ಇಂಜೆಕ್ಷನ್ ಕೊಡಿಸಬಹುದಾ?

ಮೊದಲು ಆ ಗಟ್ಟಿ ಯಾಕೆ ಅಂತ ನೋಡಬೇಕು. ಊದಿದ ಸ್ನಾಯುವಿನ ಸುತ್ತ ಹಿಗ್ಗದ ಪೊರೆ ಇದೆ. ಒಳಗೆ ಒತ್ತಡ ಏರಿದರೆ ರಕ್ತ ಹರಿಯುವುದು ನಿಂತು ಉಳಿದ ಸ್ನಾಯುವೂ ಸಾಯುತ್ತದೆ. ಕಾಲ್ಬೆರಳನ್ನು ನಾವೇ ಮೆಲ್ಲಗೆ ಬಗ್ಗಿಸಿದರೂ ಚೀರುವಷ್ಟು ನೋವು, ಜೋಮು, ಗಾಯಕ್ಕೆ ಮೀರಿದ ನೋವು ಇದ್ದರೆ ಸರ್ಜನ್‌ಗೆ ಕೂಡಲೇ ತೋರಿಸಬೇಕು. ಪಾದದಲ್ಲಿ ನಾಡಿ ಸಿಗುತ್ತಿದೆ ಅಂತ ಸಮಾಧಾನ ಪಡಬೇಡಿ, ನಾಡಿ ಹೋಗುವುದು ಕೊನೆಗೆ. ಕೆಲವರಿಗೆ ಪೊರೆ ಸೀಳಿ ಒತ್ತಡ ಇಳಿಸಬೇಕಾಗುತ್ತದೆ. ಸೀಳಿದ ಗಾಯಕ್ಕೆ ನಂಜಾಗುವ ಭಯವೂ ಇದೆ. ಆದ್ದರಿಂದ ಎಲ್ಲರಿಗೂ ಮಾಡುವುದಿಲ್ಲ.

ನೋವಿನ ಇಂಜೆಕ್ಷನ್ ಅಂದರೆ ನಮ್ಮ ಕಡೆ ಡೈಕ್ಲೋಫೆನಾಕ್. ಅದು ಬೇಡ. ಮೊದಲೇ ರಕ್ತ ಸಾಲದ ಕಿಡ್ನಿಗೆ ಅದು ಇನ್ನಷ್ಟು ರಕ್ತ ತಪ್ಪಿಸುತ್ತದೆ. ಪ್ಯಾರಾಸಿಟಮಾಲ್, ಟ್ರಮಡಾಲ್ ಥರದ್ದನ್ನು ಡಾಕ್ಟರ್ ಕೊಡುತ್ತಾರೆ. ದಾರಿಯಲ್ಲಿ ಯಾರಾದರೂ ಇಂಜೆಕ್ಷನ್ ಕೊಟ್ಟಿದ್ದರೆ ಅದರ ಹೆಸರು ಬರೆಸಿಕೊಂಡು ಬನ್ನಿ.

ಭಾರ ಬೀಳದೆ, ಬರೀ ಓಡಿದ್ದಕ್ಕೂ ಇದು ಬರುತ್ತದಾ?

ಬರುತ್ತದೆ. ಪೊಲೀಸ್ ಸೆಲೆಕ್ಷನ್‌ಗೆ ಅಂತ ಅಭ್ಯಾಸವೇ ಇಲ್ಲದೆ ಒಂದೇ ದಿನ ಓಟ, ಬಸ್ಕಿ ಎಲ್ಲ ಮಾಡಿದ ಹುಡುಗರು ಬರುತ್ತಾರೆ. ಮುಳ್ಳಯ್ಯನಗಿರಿ ಥರದ ಬೆಟ್ಟ ಹತ್ತಿದ್ದಕ್ಕಿಂತ ಇಳಿದದ್ದೇ ತೊಡೆಗೆ ಜಾಸ್ತಿ ಪೆಟ್ಟು ಕೊಡುತ್ತದೆ, ಇಳಿಯುವಾಗ ಸ್ನಾಯು ಎಳೆದುಕೊಂಡೇ ಭಾರ ಹೊರಬೇಕು. ಮೈಕೈ ನೋವು ಎಲ್ಲರಿಗೂ ಬರುತ್ತದೆ. ಆದರೆ ಎರಡನೇ ದಿನ ಕೂತರೆ ಏಳಲಾಗದಷ್ಟು ನೋವು, ತೊಡೆ ಊದಿ ಬಿಗಿಯಾಗುವುದು, ಮೂತ್ರ ಕಂದಾಗುವುದು ಕಂಡರೆ ಟೆಸ್ಟ್ ಮಾಡಿಸಬೇಕು. ಹೆಜ್ಜೇನು ಮೈತುಂಬ ಕಚ್ಚಿದಾಗಲೂ ಇದೇ ಆಗಬಹುದು.

ಇಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಮೂತ್ರ ಕಂದು, ರಕ್ತದಲ್ಲಿ ಲಿವರ್ ಟೆಸ್ಟಿನ ಎಸ್‌ಜಿಒಟಿ ಜಾಸ್ತಿ. ಕೂಡಲೇ ಕಾಮಾಲೆ ಅಂತ ನಾಟಿ ಔಷಧಿಗೆ ಕರೆದುಕೊಂಡು ಹೋಗುತ್ತಾರೆ. ಎಸ್‌ಜಿಒಟಿ ಸ್ನಾಯುವಿನಲ್ಲೂ ಇದೆ. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ನಾರ್ಮಲ್ ಇದ್ದು, ಕಣ್ಣು ಬಿಳಿಯಾಗೇ ಇದ್ದರೆ ಸಿಪಿಕೆ ಮಾಡಿಸಿ.

ಗಟ್ಟಿಮುಟ್ಟಾದ ಹುಡುಗ, ಮೂತ್ರ ತಿಳಿ, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನಾರ್ಮಲ್, ಸಿಪಿಕೆ ಎರಡು ಮೂರು ಸಾವಿರ ಇದ್ದರೆ ನೀರು ಕುಡಿದು ವಿಶ್ರಾಂತಿ ತಗೊಂಡು, ಮಾರನೇ ದಿನ ಮತ್ತೆ ಟೆಸ್ಟ್ ಮಾಡಿಸಿದರೆ ಸಾಕಾಗಬಹುದು. ಇವುಗಳಲ್ಲಿ ಒಂದು ತಪ್ಪಿದರೂ ದಾಖಲಾಗಬೇಕು. ಸಿಪಿಕೆ 1,000ದ ಕೆಳಗೆ ಬಂದು, ನೋವು ಪೂರ್ತಿ ಹೋಗುವ ತನಕ ಮತ್ತೆ ಓಡಬಾರದು.

ಡಯಾಲಿಸಿಸ್ ಶುರು ಮಾಡಿದರೆ ಜೀವನಪೂರ್ತಿ ಬಿಡುವುದಿಲ್ಲವಂತೆ?

ಇದನ್ನು ನಂಬಿ ಬೇಡ ಅಂದವರು ಪ್ರಾಣ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಸಕ್ಕರೆ ಕಾಯಿಲೆಯಿಂದ ವರ್ಷಗಟ್ಟಲೆ ಸವೆದ ಕಿಡ್ನಿಯ ಕಥೆ ಬೇರೆ. ಇಲ್ಲಿ ಚೆನ್ನಾಗಿದ್ದ ಕಿಡ್ನಿ ಕಟ್ಟಿಕೊಂಡಿರುತ್ತದೆ ಅಷ್ಟೇ. ಪೊಟ್ಯಾಸಿಯಂ ಔಷಧಿಗೆ ಬಗ್ಗದಿದ್ದರೆ, ಮೂತ್ರ ಬರದೆ ನೀರು ತುಂಬಿಕೊಂಡರೆ, ರಕ್ತದ ಆಮ್ಲ ಇಳಿಯದಿದ್ದರೆ ಡಯಾಲಿಸಿಸ್ ಬೇಕೇ ಬೇಕು. ಎರಡು ಮೂರು ವಾರದಲ್ಲಿ ಹೆಚ್ಚಿನವರ ಕಿಡ್ನಿ ಮತ್ತೆ ಕೆಲಸ ಶುರು ಮಾಡುತ್ತದೆ, ಡಯಾಲಿಸಿಸ್ ನಿಲ್ಲಿಸುತ್ತೇವೆ.

ನೋಡಲು ಬರುವವರು ಎಳನೀರು ತರುತ್ತಾರೆ. ಕೊಡಬಹುದಾ?

ಮೊದಲ ದಿನಗಳಲ್ಲಿ ಬೇಡ. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ ಜಾಸ್ತಿ. ಬಾಳೆಹಣ್ಣು, ಕಿತ್ತಳೆ ರಸವೂ ಹಾಗೇ. ಓಆರ್‌ಎಸ್ ಪುಡಿಯಲ್ಲೂ ಪೊಟ್ಯಾಸಿಯಂ ಇದೆ. ಮೇಲೆ ಹೇಳಿದ ಕೇಸಿನಲ್ಲಿ ಬುಧವಾರ ಮಂಚದಡಿ ನಾಲ್ಕು ಎಳನೀರು ಇದ್ದವು, ಒಂದು ಆಗಲೇ ಖಾಲಿ. ಅವತ್ತು ಸಂಜೆ ಪೊಟ್ಯಾಸಿಯಂ 4.9ರಿಂದ 5.6ಕ್ಕೆ ಏರಿತ್ತು. ಎಳನೀರೇ ಕಾರಣವೋ, ಸ್ನಾಯುವಿನಿಂದ ಇನ್ನೂ ಬರುತ್ತಿತ್ತೋ ಹೇಳಲಾಗದು. ಆದರೂ ಉಳಿದ ಮೂರನ್ನು ವಾರ್ಡಿನ ಆಯಾಗಳಿಗೆ ಕೊಡಿಸಿದೆ. ಅನ್ನ, ಮಜ್ಜಿಗೆ ನೀರು, ಬೇಳೆ ತೆಳು ಸಾರು ಎಷ್ಟೆಷ್ಟು ಕೊಡಬಹುದು ಅಂತ ಆ ದಿನದ ರಿಪೋರ್ಟ್ ನೋಡಿ ಡಾಕ್ಟರ್ ಹೇಳುತ್ತಾರೆ. ಪೊಟ್ಯಾಸಿಯಂ ಎರಡು ದಿನ ಸತತ ನಾರ್ಮಲ್ ಬಂದು, ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಎಳನೀರಿಗೂ ಅಡ್ಡಿಯಿಲ್ಲ.